ಪ್ರಾಕ್ಟರ್ ಕರ್ವ್‌ನ ಕೊನೆಯ ಎರಡು ಚುಕ್ಕಿ ಝೀರೋ ಏರ್ ವಾಯ್ಡ್ ಲೈನ್ ದಾಟಿವೆ, ಎಂಡಿಡಿ 2.00 ನಂಬಬಹುದಾ?

ಕೆಂಗೇರಿ_ಕ್ಯೂಸಿ
ನಮಸ್ಕಾರ ಎಲ್ಲರಿಗೂ. ಕೆಂಗೇರಿ ಆಚೆ ಒಂದು ಲೇಔಟ್ ರಸ್ತೆ ಕೆಲಸ, ನಾನು ಸೈಟ್ ಲ್ಯಾಬ್ ನೋಡ್ಕೋತೀನಿ. ಸಬ್‌ಗ್ರೇಡ್‌ಗೆ ಅಲ್ಲೇ ಸಿಗೋ ಕೆಂಪು ಮಣ್ಣು. ಐಎಸ್ 2720 ಭಾಗ 8ರ ಪ್ರಕಾರ ಹೆವಿ ಕಾಂಪ್ಯಾಕ್ಷನ್ ಮಾಡಿದ್ವಿ: 1000 ಸಿಸಿ ಮೋಲ್ಡ್, 4.9 ಕೆಜಿ ರ‍್ಯಾಮರ್, 450 ಮಿಮೀ ಡ್ರಾಪ್, 5 ಲೇಯರ್, ಲೇಯರ್‌ಗೆ 25 ಪೆಟ್ಟು. ಮೋಲ್ಡ್ ತೂಕ ಕಳೆದ ಮೇಲೆ ಬಂದ ಲೆಕ್ಕ ಇದು:

ನೀರು 7.4%: ಒದ್ದೆ ಮಣ್ಣು 2017 ಗ್ರಾಂ, ಡ್ರೈ ಡೆನ್ಸಿಟಿ 1.878
ನೀರು 9.3%: 2142 ಗ್ರಾಂ, 1.960
ನೀರು 11.2%: 2224 ಗ್ರಾಂ, 2.000
ನೀರು 13.1%: 2234 ಗ್ರಾಂ, 1.975
ನೀರು 15.0%: 2195 ಗ್ರಾಂ, 1.909

ಕರ್ವ್ ನೋಡೋಕೆ ಚೆನ್ನಾಗೇ ಇದೆ. ಎಂಡಿಡಿ 2.00, ಓಎಂಸಿ 11.4 ಅಂತ ಓದಿದ್ವಿ. ಆದ್ರೆ ಅದೇ ಮಣ್ಣಿಗೆ ಹೊರಗಿನ ಲ್ಯಾಬ್ ಕೊಟ್ಟ ರಿಪೋರ್ಟಲ್ಲಿ ಎಂಡಿಡಿ 1.96, ಓಎಂಸಿ 11.5. ಈಗ ಫೀಲ್ಡಲ್ಲಿ ಸ್ಯಾಂಡ್ ರೀಪ್ಲೇಸ್‌ಮೆಂಟ್‌ನಲ್ಲಿ 1.93 ಬಂದಿದೆ. 2.00 ಹಿಡಿದ್ರೆ 96.5%, ಅಂದ್ರೆ ಫೇಲ್, ಬೇಕಿರೋದು 97. 1.96 ಹಿಡಿದ್ರೆ 98 ದಾಟುತ್ತೆ. ಕ್ಲೈಂಟ್ ಕಡೆ ಎಂಜಿನಿಯರ್ "ಜಾಸ್ತಿ ಇರೋದೇ ಸೇಫ್, 2.00ನೇ ಹಿಡೀರಿ, ಇನ್ನೂ ರೋಲ್ ಮಾಡಿ" ಅಂತಿದ್ದಾರೆ. ನಿನ್ನೆ ಸ್ಪೆಸಿಫಿಕ್ ಗ್ರಾವಿಟಿ 2.66 ಹಾಕಿ ಝೀರೋ ಏರ್ ವಾಯ್ಡ್ ಲೈನ್ ಎಳೆದ್ರೆ ಕೊನೆಯ ಎರಡೂ ಚುಕ್ಕಿ ಗೆರೆಗಿಂತ ಮೇಲೆ ಕೂತಿವೆ. ಇದಕ್ಕೆ ಏನರ್ಥ?

ರೋಲರ್_ರಸ್ತೆ
ಕಂಟ್ರಾಕ್ಟರ್ ಲ್ಯಾಬ್ ಕಂಟ್ರಾಕ್ಟರ್‌ಗೇ ಜಾಸ್ತಿ ಎಂಡಿಡಿ ಕೊಟ್ಟಿರೋದು ಮೊದಲ ಸಲ ನೋಡ್ತಿದ್ದೀನಿ ಗುರು. ಇನ್ನೊಂದು ನಾಲ್ಕು ಪಾಸ್ ಹೊಡೆಸಿ ಮುಗಿಸಿಬಿಡಿ.

ಸೈಟ್‌ಹುಡುಗ
ಗೆರೆ ದಾಟಿದೆ ಅಂದ್ರೆ ನೀರಿನ ಅಂಶ ತಪ್ಪಿದೆ ಅಂತಲೇ. ಮಣ್ಣು ಹೊರಗೆ ತೆಗೆದು ಟೇಬಲ್ ಮೇಲೆ ಇಟ್ಟಿರ್ತೀರಿ, ಫ್ಯಾನ್ ಗಾಳಿಗೆ ಆರಿರುತ್ತೆ, ಆಮೇಲೆ ಕಪ್‌ಗೆ ಹಾಕಿ ತೂಕ ಮಾಡಿರ್ತೀರಿ. ನೀರು ಕಮ್ಮಿ ಸಿಕ್ಕಿದ್ರೆ ಡ್ರೈ ಡೆನ್ಸಿಟಿ ಜಾಸ್ತಿ ಬರುತ್ತೆ, ಚುಕ್ಕಿ ಮೇಲೆ ಹೋಗುತ್ತೆ. ನಮ್ಮಲ್ಲೂ ಹೀಗೇ ಆಗಿತ್ತು. ರ‍್ಯಾಪಿಡ್ ಮಾಯಿಶ್ಚರ್ ಮೀಟರ್ ಬಳಸಿದ್ರಾ? ಅದು ಒದ್ದೆ ತೂಕದ ಮೇಲೆ ಶೇಕಡ ತೋರಿಸುತ್ತೆ, ಒಣ ತೂಕಕ್ಕೆ ಬದಲಾಯಿಸದಿದ್ರೆ ಇದೇ ಗತಿ.

ಹಳೇ_ಲ್ಯಾಬು
ಸೈಟ್‌ಹುಡುಗ ಅವರೇ, ಮೀಟರ್ ಬಗ್ಗೆ ಹೇಳಿದ್ದು ಸರಿ, ಆ ತಪ್ಪು ಬಹಳ ಕಡೆ ನಡೆಯುತ್ತದೆ. ಆದರೆ ದಿಕ್ಕು ತಿರುಗಿದೆ. ನೀರು ಕಡಿಮೆ ಓದಿದಾಗ ಚುಕ್ಕಿ ಮೇಲಕ್ಕೆ ಹೋಗುವುದು ನಿಜ, ಅದರ ಜೊತೆಗೆ ಎಡಕ್ಕೂ ಸರಿಯುತ್ತದೆ. ಎಡಕ್ಕೆ ಹೋದಷ್ಟೂ ಝೀರೋ ಏರ್ ವಾಯ್ಡ್ ಲೈನ್ ಇನ್ನೂ ಬೇಗ ಮೇಲೇರುತ್ತದೆ. ಈ ಮಣ್ಣಿನಲ್ಲಿ ನೀರು 1% ಕಡಿಮೆ ಓದಿದರೆ ಚುಕ್ಕಿ ಏರುವುದು ಸುಮಾರು 0.017, ಗೆರೆ ಏರುವುದು ಸುಮಾರು 0.038. ಅಂದರೆ ಚುಕ್ಕಿ ಗೆರೆಯಿಂದ ದೂರವಾಗುತ್ತದೆ, ದಾಟುವುದಿಲ್ಲ.

ಅವರ ನಾಲ್ಕನೇ ಚುಕ್ಕಿಯನ್ನೇ ನೋಡಿ. ಒದ್ದೆ ತೂಕ 2234. ನಿಜವಾದ ನೀರು 14.1% ಇದ್ದು, ಆರಿ 13.1 ಅಂತ ಓದಿದ್ದಾರೆ ಎಂದುಕೊಳ್ಳಿ. ಆಗ ನಿಜವಾದ ಡ್ರೈ ಡೆನ್ಸಿಟಿ 1.958, ಅಲ್ಲಿ ಗೆರೆ ಇರುವುದು 1.934ರಲ್ಲಿ. ಗೆರೆ ದಾಟಿರುವುದು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಆದ್ದರಿಂದ ಆರಿದ ಮಣ್ಣಿನಿಂದ ಈ ತೊಂದರೆ ಬಂದಿಲ್ಲ.

ಗೆರೆ ದಾಟಲು ನಾಲ್ಕೇ ದಾರಿ. ನೀರನ್ನು ಹೆಚ್ಚು ಓದಿರಬೇಕು, ಒದ್ದೆ ತೂಕ ಹೆಚ್ಚು ಬಂದಿರಬೇಕು, ಮೋಲ್ಡ್ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಿರಬೇಕು, ಇಲ್ಲವೇ ಸ್ಪೆಸಿಫಿಕ್ ಗ್ರಾವಿಟಿ ಕಡಿಮೆ ಹಾಕಿರಬೇಕು.

ಸೈಟ್‌ಹುಡುಗ
ಎರಡು ಸಲ ಲೆಕ್ಕ ಹಾಕಿ ನೋಡ್ದೆ, ನೀವು ಹೇಳಿದ್ದೇ ಬರ್ತಿದೆ ಸರ್. ಆದ್ರೆ ನಮ್ಮ ಸೈಟಲ್ಲಿ ಆಗಿದ್ದು ಏನು ಹಾಗಾದ್ರೆ?

ಹಳೇ_ಲ್ಯಾಬು
ನಿಮ್ಮಲ್ಲಿ ಎಂಡಿಡಿ ಹೆಚ್ಚು, ಓಎಂಸಿ ಕಡಿಮೆ ಬಂದಿರಬೇಕು. ಅದು ಗೆರೆ ದಾಟಿದ ಸಮಸ್ಯೆ ಅಲ್ಲ, ಕರ್ವ್ ಪೂರ್ತಿ ಎಡಕ್ಕೆ ಸರಿದ ಸಮಸ್ಯೆ. ಅಂಥ ಕರ್ವ್ ಗೆರೆಯಿಂದ ದೂರವೇ ನಿಲ್ಲುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಅದು ಇದಕ್ಕಿಂತ ಅಪಾಯ.

ಮನೆಕಟ್ಟೋನು
ನನಗೂ ಇದೇ ಪ್ರಾಬ್ಲಂ ಸರ್. ರಾಜರಾಜೇಶ್ವರಿ ನಗರದಲ್ಲಿ ಮನೆ ಕಟ್ಟಿಸ್ತಿದ್ದೀನಿ, ಪ್ಲಿಂತ್ ಒಳಗೆ ಮಣ್ಣು ತುಂಬಿದ್ದಾರೆ, ಮೇಸ್ತ್ರಿ ನೀರು ಬಿಟ್ಟು ಎರಡು ದಿನ ನೆನೆಸಿ ಬಿಟ್ರೆ ತಾನೇ ಕೂರುತ್ತೆ ಅಂತಾರೆ. ಎಷ್ಟು ನೀರು ಹಾಕ್ಬೇಕು?

ರೋಲರ್_ರಸ್ತೆ
ಅಣ್ಣ, ಇಲ್ಲಿ ನಡೀತಿರೋದು ಬೇರೆ ವಿಷಯ. ಆದ್ರೂ ಹೇಳ್ತೀನಿ, ನೀರು ಬಿಟ್ಟು ಕೂರಿಸೋದು ಮರಳಿಗೆ ಸ್ವಲ್ಪ ನಡೆಯುತ್ತೆ, ಜೇಡಿ ಇರೋ ಕೆಂಪು ಮಣ್ಣಿಗೆ ಆಗಲ್ಲ. ಆರು ಇಂಚಿಗೊಂದು ಲೇಯರ್ ಹಾಕಿಸಿ, ಕೈಯಲ್ಲಿ ಹಿಡಿದ್ರೆ ಉಂಡೆ ಆಗಬೇಕು, ಅಂಗೈಗೆ ನೀರು ಅಂಟಬಾರದು. ಅಷ್ಟು ತೇವ ಇಟ್ಟು ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಿ.

ಮನೆಕಟ್ಟೋನು
ಮೇಸ್ತ್ರಿ ಈಗಾಗಲೇ ನೀರು ಬಿಟ್ಟಾಗಿದೆ…

ಗ್ರಾಫ್‌ಗೆರೆ
ಎಂಟೆಕ್ ಮಾಡ್ತಿದ್ದೀನಿ, ಒಂದು ಅನುಮಾನ. ಸ್ಪೆಸಿಫಿಕ್ ಗ್ರಾವಿಟಿ 2.66 ನೀವೇ ಟೆಸ್ಟ್ ಮಾಡಿದ್ದಾ, ಪುಸ್ತಕದ್ದಾ? ಕೆಂಪು ಮಣ್ಣಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತೆ, 2.72 ಅಂತ ಹಾಕಿ ನೋಡಿ. 13.1%ನಲ್ಲಿ ಗೆರೆ 2.005ಕ್ಕೆ ಹೋಗುತ್ತೆ, 15%ನಲ್ಲಿ 1.932ಕ್ಕೆ. ನಿಮ್ಮ ಎರಡೂ ಚುಕ್ಕಿ ಆರಾಮಾಗಿ ಕೆಳಗೆ ಬರ್ತವೆ. ಸ್ಪ್ರೆಡ್‌ಶೀಟಲ್ಲಿ ಹೀಗೆ ಹಾಕಿಕೊಂಡ್ರೆ ಬೇಗ ಪರೀಕ್ಷೆ ಮಾಡಬಹುದು, A2ರಲ್ಲಿ ನೀರಿನ ಶೇಕಡ, D1ರಲ್ಲಿ ಗ್ರಾವಿಟಿ:

```
=$D$1/(1+$D$1*A2/100)
```

ಕೆಂಗೇರಿ_ಕ್ಯೂಸಿ
ಡೆನ್ಸಿಟಿ ಬಾಟಲಲ್ಲಿ ನಾವೇ ಮಾಡಿದ್ದು ಮೇಡಂ, ಎರಡು ಬಾಟಲ್, 2.66 ಮತ್ತು 2.67. ಗಾಳಿ ತೆಗೆಯೋಕೆ ವ್ಯಾಕ್ಯೂಮ್ ಹಾಕಿದ್ವಿ.

ಗ್ರಾಫ್‌ಗೆರೆ
ವ್ಯಾಕ್ಯೂಮ್ ಎಷ್ಟು ಹೊತ್ತು? ಜೇಡಿ ಹೆಪ್ಪಿನೊಳಗೆ ಗಾಳಿ ಉಳಿದ್ರೆ ಗ್ರಾವಿಟಿ ಕಮ್ಮಿ ಬರುತ್ತೆ. ಎರಡೂ ಬಾಟಲಿನಲ್ಲೂ ಒಂದೇ ಥರ ಉಳಿದಿರಬಹುದು, ಹಾಗಾಗಿ ಎರಡು ಅಂಕಿ ಹೊಂದಿಕೊಂಡ್ವು ಅನ್ನೋದು ಸಾಕ್ಷಿ ಆಗಲ್ಲ.

ಹಳೇ_ಲ್ಯಾಬು
ಮಗಳೇ, ಪ್ರಶ್ನೆ ಸರಿಯಾಗಿದೆ. ಆದರೆ ಗ್ರಾವಿಟಿ ಬದಲಾಯಿಸಿದರೆ ಗೆರೆ ಮಾತ್ರ ಸರಿಯುತ್ತದೆ, ಚುಕ್ಕಿಗಳು ಇದ್ದಲ್ಲೇ ಇರುತ್ತವೆ. ಹೊರಗಿನ ಲ್ಯಾಬಿನ 1.96ಕ್ಕೂ ಇವರ 2.00ಕ್ಕೂ ಇರುವ ವ್ಯತ್ಯಾಸಕ್ಕೆ ಗ್ರಾವಿಟಿ ಉತ್ತರ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ: ಓಎಂಸಿ ಎರಡೂ ಕಡೆ ಒಂದೇ, ಎಂಡಿಡಿ ಮಾತ್ರ 2% ಮೇಲೆ. ನೀರಿನ ತಪ್ಪಾಗಿದ್ದರೆ ಓಎಂಸಿಯೂ ಸರಿಯಬೇಕಿತ್ತು. ಪೆಟ್ಟಿನ ಶಕ್ತಿ ಹೆಚ್ಚಾಗಿದ್ದರೆ ಎಂಡಿಡಿ ಏರಿ ಓಎಂಸಿ ಇಳಿಯಬೇಕಿತ್ತು, ಜೊತೆಗೆ ಎಷ್ಟೇ ಬಲವಾಗಿ ಹೊಡೆದರೂ ಗೆರೆ ದಾಟಲು ಆಗುವುದಿಲ್ಲ. ಕರ್ವ್ ಇಡಿಯಾಗಿ ನೆಟ್ಟಗೆ ಮೇಲಕ್ಕೆ ಎದ್ದಿದೆ ಎಂದರೆ ನನ್ನ ಅನುಮಾನ ಮೋಲ್ಡ್ ಮೇಲೆ, ಇಲ್ಲವೇ ಖಾಲಿ ಮೋಲ್ಡಿನ ತೂಕದ ಮೇಲೆ.

ಕೆಂಗೇರಿಯವರೇ, ಎರಡೂ ನೋಡಿ. ಖಾಲಿ ಮೋಲ್ಡನ್ನು ಬೇಸ್ ಪ್ಲೇಟ್ ಸಮೇತ ತೊಳೆದು ಒರೆಸಿ ಮತ್ತೆ ತೂಗಿ. ಹಳೆಯ ರಿಜಿಸ್ಟರಿನಲ್ಲಿ ಬರೆದಿಟ್ಟ ತೂಕವನ್ನೇ ವರ್ಷಗಟ್ಟಲೆ ಬಳಸುವವರಿದ್ದಾರೆ, ಪ್ಲೇಟ್ ಮಧ್ಯದಲ್ಲಿ ಬದಲಾಗಿರುತ್ತದೆ. ಆಮೇಲೆ ಬೇಸ್ ಪ್ಲೇಟಿನ ಸಂದಿಗೆ ಗ್ರೀಸ್ ಹಚ್ಚಿ, ಕಾಲರ್ ಇಲ್ಲದೆ ಮೋಲ್ಡಿಗೆ ನೀರು ತುಂಬಿ, ಮೇಲೆ ಗಾಜಿನ ತಟ್ಟೆ ಜಾರಿಸಿ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ ತೂಗಿ. ನೀರಿನ ಉಷ್ಣಾಂಶ ಬರೆದುಕೊಳ್ಳಿ.

ಲೆಕ್ಕದ_ಮನುಷ್ಯ
ಇಷ್ಟೆಲ್ಲ ಯಾಕೆ? ಒದ್ದೆ ತೂಕ ಎಲ್ಲಿ ಹೆಚ್ಚು ಬರುತ್ತೋ ಅದೇ ಓಎಂಸಿ ಅಂತ ನಾವು ಮಾಡ್ತಾ ಬಂದಿರೋದು. ಇವರ ಲೆಕ್ಕದಲ್ಲಿ 2234 ಗ್ರಾಂ ಬಂದಿರೋದು 13.1%ಗೆ. ಓಎಂಸಿ 13.1 ಹಿಡೀಬೇಕು.

ಸೈಟ್‌ಹುಡುಗ
ಇದು ಮಾತ್ರ ತಪ್ಪು ಅಂತ ನಂಗೂ ಗೊತ್ತು! ಒದ್ದೆ ತೂಕದಲ್ಲಿ ನೀರಿನ ತೂಕವೂ ಸೇರಿದೆ. 11.2ರಿಂದ 13.1ಕ್ಕೆ ಹೋದಾಗ ಮೋಲ್ಡಲ್ಲಿ ಮಣ್ಣು ಕಮ್ಮಿ ಆಗಿದೆ, ನೀರು ಅದಕ್ಕಿಂತ ಜಾಸ್ತಿ ಸೇರಿದೆ, ಅದಕ್ಕೇ 10 ಗ್ರಾಂ ಏರಿದೆ. ಒಣ ಮಣ್ಣಿನ ಲೆಕ್ಕದಲ್ಲಿ ಶಿಖರ ಯಾವಾಗಲೂ ಒದ್ದೆ ತೂಕದ ಶಿಖರಕ್ಕಿಂತ ಎಡಕ್ಕೇ ಇರುತ್ತೆ.

ಹಳೇ_ಲ್ಯಾಬು
ಪೂರ್ತಿ ಸರಿ. ಒದ್ದೆ ತೂಕ ಬೇಕಾಗುವುದು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲಿಕ್ಕೆ. ಅದು ಇಳಿಯಲು ಶುರುವಾದ ಮೇಲೆ ನಿಲ್ಲಿಸಬಹುದು, ಅಷ್ಟರಲ್ಲಿ ಇಳಿಜಾರಿನ ಕಡೆಗೆ ಒಂದೆರಡು ಚುಕ್ಕಿ ಸಿಕ್ಕಿರುತ್ತವೆ.

ಬಳ್ಳಾರಿ_ಎರೆಮಣ್ಣು
ನಮ್ಮ ಕಡೆ ಎರೆ ಮಣ್ಣಿಗೆ ಈ ಲೆಕ್ಕಾನ ಬ್ಯಾರೆ ಐತ್ರಿ. ಲೈಟ್ ಕಾಂಪ್ಯಾಕ್ಷನ್‌ದಾಗ ಓಎಂಸಿ 25ರ ಆಸುಪಾಸು ಬರತೈತಿ. ನೀರು ಕಲಿಸಿದ ಕೂಡ್ಲೇ ಬಡಿದ್ರ ಕರ್ವ್ ಕುಣಿತೈತಿ, ಎರಡು ಗುಡ್ಡ ಕಾಣತಾವ. ರಾತ್ರಿಯಿಡೀ ಚೀಲದಾಗ ಕಟ್ಟಿ ಇಟ್ಟ ಮ್ಯಾಲೆ ಬಡಿದ್ರ ಒಂದೇ ಗುಡ್ಡ. ನೀವು ಕೆಂಪು ಮಣ್ಣು ನೆನಿ ಇಟ್ಟಿದ್ರಿ ಏನು?

ಕೆಂಗೇರಿ_ಕ್ಯೂಸಿ
ಇಲ್ಲ ಸರ್, ಹೆಚ್ಚಂದ್ರೆ ಅರ್ಧ ಗಂಟೆ. ಒಂದೇ 5 ಕೆಜಿ ಮಣ್ಣನ್ನ ಪುಡಿ ಮಾಡಿ, ನೀರು ಸೇರಿಸಿ, ಮತ್ತೆ ಬಳಸಿದ್ವಿ. ಲ್ಯಾಬಲ್ಲಿ ಮೊದಲಿಂದ ಹಾಗೇ ನಡ್ಕೊಂಡು ಬಂದಿದೆ.

ಹಳೇ_ಲ್ಯಾಬು
ಅದನ್ನೂ ಬದಲಾಯಿಸಿ. ನಮ್ಮ ಬೆಂಗಳೂರು ಸುತ್ತಿನ ಕೆಂಪು ಮಣ್ಣಿನಲ್ಲಿ ಮೆತ್ತನೆಯ ಗರಸು ಹರಳುಗಳಿರುತ್ತವೆ, 4.9 ಕೆಜಿ ರ‍್ಯಾಮರಿಗೆ ಪುಡಿಯಾಗುತ್ತವೆ. ಐದನೇ ಚುಕ್ಕಿಗೆ ಬರುವ ಹೊತ್ತಿಗೆ ನೀವು ಬಡಿಯುತ್ತಿರುವುದು ಮೊದಲಿನ ಮಣ್ಣಲ್ಲ. ಪುಡಿಯಾಗುವ ಮಣ್ಣಿಗೆ ಪ್ರತಿ ಚುಕ್ಕಿಗೂ ಹೊಸ ಮಣ್ಣು ತೆಗೆದುಕೊಳ್ಳಬೇಕೆಂದು ಕೋಡಿನಲ್ಲೇ ಇದೆ. ಐದು ಪಾಲು ಮಾಡಿ, ಐದಕ್ಕೂ ಬೇರೆ ಬೇರೆ ನೀರು ಕಲಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮರುದಿನ ಬಡಿಯಿರಿ. ಕೊನೆಯ ಲೇಯರ್ ಮೋಲ್ಡಿನ ಅಂಚಿಗಿಂತ 6 ಮಿಮೀಗೂ ಹೆಚ್ಚು ಮೇಲೆ ನಿಲ್ಲದಂತೆ ಮೊದಲ ಲೇಯರಿನಿಂದಲೇ ಅಂದಾಜು ಇಟ್ಟುಕೊಳ್ಳಿ. ನೀರಿನ ಅಂಶಕ್ಕೆ ಹೊರತೆಗೆದ ಮಣ್ಣಿನ ಮೇಲೆ, ನಡು, ಕೆಳಗೆ ಮೂರೂ ಕಡೆಯಿಂದ ತೆಗೆಯಿರಿ.

ಗ್ರಾಫ್‌ಗೆರೆ
ಕರ್ವ್ ಎಳೆಯೋದು ಹೇಗೆ ಅಂತಲೂ ಕೇಳ್ಬೇಕಿತ್ತು. ನಮ್ಮ ಕಾಲೇಜಲ್ಲಿ ಸ್ಪ್ರೆಡ್‌ಶೀಟಿನ ಸ್ಮೂತ್ ಲೈನ್ ಹಾಕಿ ಶಿಖರ ಓದ್ತಾರೆ. ಕೆಲವರು ನಾಲ್ಕನೇ ಡಿಗ್ರಿ ಟ್ರೆಂಡ್‌ಲೈನ್ ಹಾಕಿ ಆರ್ ಸ್ಕ್ವೇರ್ 1 ಬಂತು ಅಂತ ಖುಷಿಪಡ್ತಾರೆ. ಐದು ಚುಕ್ಕಿಗೆ ನಾಲ್ಕನೇ ಡಿಗ್ರಿ ಹಾಕಿದ್ರೆ ಎಲ್ಲ ಚುಕ್ಕಿ ಮೇಲೂ ಹಾಯಲೇಬೇಕು, ತಪ್ಪಿರೋ ಚುಕ್ಕಿ ಮೇಲೂ. ಅದರಲ್ಲೇನು ಹೆಚ್ಚುಗಾರಿಕೆ?

ಹಳೇ_ಲ್ಯಾಬು
ಅದೇ ನನ್ನ ತಕರಾರೂ. ಶಿಖರದ ಸುತ್ತಲಿನ ಮೂರು ಚುಕ್ಕಿ ನಂಬಿಕೆಗೆ ಅರ್ಹವಾಗಿದ್ದರೆ ಅವುಗಳ ಮೇಲೆ ಒಂದು ಪ್ಯಾರಾಬೋಲಾ ಸಾಕು. ಇವರದು 9.3, 11.2, 13.1, ಅಂತರ ಸಮ. ಬಲಗಡೆಯ 1.975 ಎಡಗಡೆಯ 1.960ಕ್ಕಿಂತ ಮೇಲಿದೆ, ಹಾಗಾಗಿ ಶಿಖರ ನಡುವಿನ ಚುಕ್ಕಿಗಿಂತ ಸ್ವಲ್ಪ ಬಲಕ್ಕೆ, 11.4ರಲ್ಲಿ ಬರುತ್ತದೆ, ಎತ್ತರ 2.00. ಅವರು ಓದಿದ್ದು ಸರಿಯೇ. ಇಳಿಜಾರಿನ ಬಲಭಾಗ ಝೀರೋ ಏರ್ ವಾಯ್ಡ್ ಲೈನಿಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ ಅದರ ಕೆಳಗೆ ಸಾಗಬೇಕು. ನಾನು ಕೈಯಲ್ಲಿ ಎಳೆಯುವಾಗ ಮೊದಲು ಆ ಗೆರೆ ಎಳೆದು, ಆಮೇಲೆ ಕರ್ವ್ ಎಳೆಯುತ್ತಿದ್ದೆ. ಗೆರೆಯಿಲ್ಲದ ಪ್ರಾಕ್ಟರ್ ರಿಪೋರ್ಟ್ ಬಂದರೆ ಸಹಿ ಹಾಕುತ್ತಿರಲಿಲ್ಲ.

ಲೆಕ್ಕದ_ಮನುಷ್ಯ
ಗೆರೆ ಎಳೆಯೋಕೆ ಗ್ರಾವಿಟಿ ಟೆಸ್ಟ್ ಬೇರೆ ಮಾಡಬೇಕು. ದಿನಕ್ಕೆ ಹತ್ತು ಸ್ಯಾಂಪಲ್ ಬರೋ ಕಡೆ ಯಾರಿಗೆ ಪುರುಸೊತ್ತಿದೆ ಸರ್?

ಹಳೇ_ಲ್ಯಾಬು
ಒಂದು ಬಾರೋ ಗುಂಡಿಯ ಮಣ್ಣಿಗೆ ಒಂದು ಸಲ ಮಾಡಿದರೆ ಸಾಕು. 1%ಗಾಗಿ ಒಂದು ಕಿಲೋಮೀಟರ್ ಸಬ್‌ಗ್ರೇಡ್ ಫೇಲ್ ಮಾಡುವುದಕ್ಕೆ ಮಾತ್ರ ಪುರುಸೊತ್ತಿರುತ್ತದೆಯೇ?

ಕೆಂಗೇರಿ_ಕ್ಯೂಸಿ
ಎಲ್ಲ ನೋಡಿದೆ ಸರ್. ಖಾಲಿ ಮೋಲ್ಡಿನ ತೂಕ ರಿಜಿಸ್ಟರ್‌ಗೆ ಹೊಂದುತ್ತೆ, 2 ಗ್ರಾಂ ಮಾತ್ರ ವ್ಯತ್ಯಾಸ. ನೀರು ತುಂಬಿ ತೂಗಿದಾಗ 1014 ಗ್ರಾಂ, ನೀರು 27 ಡಿಗ್ರಿ ಇತ್ತು. 0.9965ರಿಂದ ಭಾಗಿಸಿದ್ರೆ 1018 ಸಿಸಿ ಹತ್ತಿರ. ವರ್ನಿಯರ್ ಹಾಕಿದ್ರೆ ಎತ್ತರ 127.3 ಸರಿ ಇದೆ, ಒಳವ್ಯಾಸ ಬಾಯಿ ಹತ್ತಿರ 101.2, ನಡುವೆ 100.8, ತಳದಲ್ಲಿ 100.7. ಇರಬೇಕಾಗಿದ್ದು 100. ತುಂಬ ಹಳೇ ಮೋಲ್ಡ್, ಇನ್ನೊಂದು ಸೈಟಿಂದ ಬಂದಿದ್ದು.

ಅದೇ ತೂಕಗಳನ್ನ 1018ರಿಂದ ಭಾಗಿಸಿದ್ರೆ 11.2%ಗೆ 1.965, 13.1%ಗೆ 1.940, 15%ಗೆ 1.875. ಎರಡೂ ಚುಕ್ಕಿ ಗೆರೆ ಕೆಳಗೆ ಬಂದ್ವು. ಎಂಡಿಡಿ 1.965, ಓಎಂಸಿ 11.4 ಹಾಗೇ ಇದೆ. ಫೀಲ್ಡ್ 1.93 ಇದ್ರೆ 98.2%.

ರೋಲರ್_ರಸ್ತೆ
ನಾಲ್ಕು ಪಾಸ್ ಡೀಸೆಲ್ ಉಳೀತು! ನಾನು ಮೊದಲು ಹೇಳಿದ ಮಾತು ವಾಪಸ್ ತಗೊಂಡೆ.

ಗ್ರಾಫ್‌ಗೆರೆ
ಹೊಸ ಅಂಕಿಯಲ್ಲಿ ಸ್ಯಾಚುರೇಷನ್ ಲೆಕ್ಕ ಹಾಕಿದೆ. ಶಿಖರದ ಹತ್ತಿರ 84%, ಕೊನೆಯ ಎರಡು ಚುಕ್ಕಿಗೆ 94, 95%. ಬಲಭಾಗ ಗೆರೆಗೆ ಸಮಾನಾಂತರ ಅನ್ನೋದಕ್ಕೆ ಹೊಂದುತ್ತೆ. ಆದ್ರೂ ಗ್ರಾವಿಟಿ ಬಗ್ಗೆ ನನ್ನ ಅನುಮಾನ ಹೋಗಿಲ್ಲ. 2.70 ಇದ್ರೂ ಈ ಚುಕ್ಕಿಗಳು ಕೆಳಗೇ ಇರ್ತವೆ, ಹಾಗಾಗಿ ಈ ಪರೀಕ್ಷೆಯಿಂದ 2.66 ಸರಿ ಅಂತ ಹೇಳಕ್ಕಾಗಲ್ಲ.

ಹಳೇ_ಲ್ಯಾಬು
ಹೇಳಲಾಗುವುದಿಲ್ಲ, ಒಪ್ಪಿದೆ. ಹೆಚ್ಚು ಹೊತ್ತು ವ್ಯಾಕ್ಯೂಮ್ ಕೊಟ್ಟು ಇನ್ನೊಮ್ಮೆ ಮಾಡಿಸಿ.

ಕೆಂಗೇರಿಯವರೇ, 1018ರಿಂದ ಭಾಗಿಸಿ ರಿಪೋರ್ಟ್ ಬರೆದು ಮುಗಿಸಬೇಡಿ. ಬಾಯಿ ಅಗಲವಾಗಿ ತಳ ಕಿರಿದಾದ ಮೋಲ್ಡಿನಲ್ಲಿ ರ‍್ಯಾಮರಿನ ಪೆಟ್ಟು ಎಲ್ಲ ಲೇಯರಿಗೂ ಒಂದೇ ಥರ ಹರಡುವುದಿಲ್ಲ. ಹೊಸ ಮೋಲ್ಡಿನಲ್ಲಿ, ಹೊಸ ಮಣ್ಣಿನಲ್ಲಿ ಮತ್ತೆ ಮಾಡಿ, ಕ್ಲೈಂಟ್ ಎಂಜಿನಿಯರನ್ನು ಎದುರಿಗೇ ನಿಲ್ಲಿಸಿಕೊಳ್ಳಿ. ಮೋಲ್ಡನ್ನು ಕಾಂಕ್ರೀಟ್ ನೆಲದ ಮೇಲಿಡಿ, ಅಲುಗಾಡುವ ಟೇಬಲ್ ಮೇಲೆ ಬೇಡ. ಟೇಬಲ್ ಕುಣಿದರೆ ಪೆಟ್ಟಿನ ಶಕ್ತಿ ಅಲ್ಲೇ ಹೋಗುತ್ತದೆ, ಆಗ ಎಂಡಿಡಿ ಸುಳ್ಳಾಗಿ ಕಡಿಮೆ ಬರುತ್ತದೆ. ಅದು ನಿಮಗೆ ಲಾಭ ಎಂದು ಅವರು ಅನುಮಾನಪಡುವಂತಾಗಬಾರದು.

ಕೆಂಗೇರಿ_ಕ್ಯೂಸಿ
ಮಾಡಿದ್ವಿ. ಹೊಸ ಮೋಲ್ಡ್, ನೀರು ಹಾಕಿ ನೋಡಿದ್ರೆ 999 ಸಿಸಿ. ಐದು ಪಾಲು ಮಣ್ಣು ರಾತ್ರಿ ಚೀಲದಲ್ಲಿ ಕಟ್ಟಿಟ್ಟು ಬೆಳಿಗ್ಗೆ ಬಡಿದ್ವಿ. ಎಂಡಿಡಿ 1.95, ಓಎಂಸಿ 11.7. ಕ್ಲೈಂಟ್ ಎಂಜಿನಿಯರ್ ಪೂರ್ತಿ ನಿಂತು ನೋಡಿದ್ರು, ನೀರಿನ ಪರೀಕ್ಷೆ ತಾವೇ ಮಾಡಿದ್ರು. 1.965ಕ್ಕೂ 1.95ಕ್ಕೂ ಇರೋ ವ್ಯತ್ಯಾಸ ಮಣ್ಣು ಮರುಬಳಕೆಯಿಂದಾನಾ?

ಸೈಟ್‌ಹುಡುಗ
ಹೌದು, ಹರಳು ಪುಡಿಯಾಗಿ ಸಂದಿ ತುಂಬಿ ಡೆನ್ಸಿಟಿ ಏರಿತ್ತು. ದಿಕ್ಕು ಸರಿ ಇದೆ ಈ ಸಲ.

ಬಳ್ಳಾರಿ_ಎರೆಮಣ್ಣು
ಅಷ್ಟು ಖಾತ್ರಿ ಮಾಡ್ಕೋಬ್ಯಾಡ್ರಿ. 0.015 ಅಂದ್ರ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದ್ರೂ ಆಗ್ತೈತಿ. ಮೋಲ್ಡೂ ಬದಲಾತು, ಮಣ್ಣೂ ಬದಲಾತು, ನೆನಿ ಹಾಕಿದ್ದೂ ಹೊಸದು. ಯಾವುದರಿಂದ ಅಂತ ಹ್ಯಾಂಗ ಹೇಳ್ತೀರಿ? ಅದೇ ಹೊಸ ಮೋಲ್ಡಿನಾಗ ಹಳೇ ಪದ್ಧತಿಲೆ ಒಮ್ಮೆ ಬಡಿದು ನೋಡ್ರಿ.

ಹಳೇ_ಲ್ಯಾಬು
ಬಳ್ಳಾರಿಯವರ ಮಾತು ನ್ಯಾಯ. ಇನ್ನೊಂದು ಇದೆ. ಲ್ಯಾಬಿನಲ್ಲಿ ಮೋಲ್ಡಿಗೆ ಹಾಕುವುದು 19 ಮಿಮೀ ಜರಡಿ ದಾಟಿದ ಮಣ್ಣು. ಫೀಲ್ಡಿನ ಗುಂಡಿಯಲ್ಲಿ ಅದಕ್ಕಿಂತ ದಪ್ಪ ಗರಸು, ಕಲ್ಲು ಬಂದಿದ್ದರೆ 1.93ರಲ್ಲಿ ಕಲ್ಲಿನ ಪಾಲೂ ಸೇರಿದೆ. ಆಗ 99% ಎನ್ನುವುದು ಮಣ್ಣಿನ ಗಟ್ಟಿತನವಲ್ಲ. ಗುಂಡಿಯಿಂದ ತೆಗೆದ ಮಣ್ಣು ಇನ್ನೂ ಇದೆಯೇ?

ಕೆಂಗೇರಿ_ಕ್ಯೂಸಿ
ಮೂರು ಗುಂಡಿಯ ಮಣ್ಣು ಚೀಲದಲ್ಲಿ ಇದೆ ಸರ್. ಒಂದರಲ್ಲಿ ಗರಸು ಕಂಡಿದ್ದು ನೆನಪಿದೆ. ನಾಳೆ ಜರಡಿ ಹಿಡಿದು ಎಷ್ಟು ಉಳೀತು ಅಂತ ಹಾಕ್ತೀನಿ. ಸ್ಯಾಂಡ್ ಕ್ಯಾಲಿಬ್ರೇಷನ್ನೂ ಹೊಸದಾಗಿ ಮಾಡ್ತೀವಿ, ಮಳೆ ಶುರುವಾದ ಮೇಲೆ ಆ ಮರಳು ತೇವ ಹಿಡಿದಿದೆ.